ನೂರಕ್ಕೆ ಇಪ್ಪತ್ತಮೂರು: ಯಾವ ನೂರು?

ನಮ್ಮಕ್ಕ ಹೋಬಳಿ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. 2025ರ ಜನವರಿ ಕೊನೆಯಲ್ಲಿ ಪತ್ರಿಕೆಯ ಒಂದು ತುಣುಕನ್ನು ಮಡಚಿಟ್ಟುಕೊಂಡು ಮನೆಗೆ ಬಂದಳು. ಮುಂದಿನ ವಾರ ಅವರ ಕ್ಲಸ್ಟರಿನ ಸಮಾಲೋಚನಾ ಸಭೆ. ‘ಅಸರ್’ ವರದಿಯ ಬಗ್ಗೆ ಹತ್ತು ನಿಮಿಷ ಮಾತಾಡುವ ಕೆಲಸ ಅವಳ ತಲೆಗೆ ಬಿದ್ದಿತ್ತು. ತುಣುಕಿನ ತಲೆಬರಹದಲ್ಲಿ ಇದ್ದದ್ದು ಒಂದೇ ಅಂಕಿ: ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇ. 23.4.

“ನನ್ನ ಮೂರನೇ ಕ್ಲಾಸಲ್ಲಿ ಹದಿನಾಲ್ಕು ಮಕ್ಕಳಿದಾರೆ. ಈ ಲೆಕ್ಕದಲ್ಲಿ ಮೂವರಿಗೆ ಓದೋಕೆ ಬರಬೇಕು. ನಂಗೆ ಗೊತ್ತಿರೋ ಹಾಗೆ ಎಂಟು ಜನ ಓದ್ತಾರೆ. ಯಾರ ಲೆಕ್ಕ ತಪ್ಪು ಹೇಳೋ” ಎಂದಳು.

ಯಾರ ಲೆಕ್ಕವೂ ತಪ್ಪಲ್ಲ. ಅವಳ ಎಂಟೂ ನಿಜ, ವರದಿಯ 23.4 ಕೂಡ ನಿಜ. ಇವೆರಡೂ ಒಂದಕ್ಕೊಂದು ಎದುರು ನಿಂತಂತೆ ಕಾಣುವುದು ನಾವು ಅಂಕಿಯನ್ನು ಮೊದಲು ಓದಿ, ಅದು ಹುಟ್ಟಿದ ಬಗೆಯನ್ನು ಓದದೇ ಬಿಡುವುದರಿಂದ. ಸಮೀಕ್ಷೆಯೊಂದನ್ನು ಶಿಕ್ಷಕರಿಗೆ ಸಂಕ್ಷೇಪಿಸಿ ಹೇಳುವವರು ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ವಾದ. ಯಾರನ್ನು ಹುಡುಕಿಕೊಂಡು ಹೋದರು, ಅವರನ್ನು ಏನು ಕೇಳಿದರು ಎಂಬುದು ಮೊದಲು ಬರಲಿ, ಅಂಕಿ ಆಮೇಲೆ ಬರಲಿ. ‘ನೂರಕ್ಕೆ ಇಷ್ಟು’ ಎಂದಾಗ ಯಾವ ನೂರು ಎಂದು ಗೊತ್ತಾಗದಿದ್ದರೆ ಆ ‘ಇಷ್ಟು’ ಬರೀ ಗಾಬರಿ ಹುಟ್ಟಿಸುತ್ತದೆ.

ಅಸರ್ ಎಂದರೆ ಹಿಂದಿಯಲ್ಲಿ ಪರಿಣಾಮ. ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ ಈ ಸಮೀಕ್ಷೆ ಗ್ರಾಮೀಣ ಭಾರತಕ್ಕೆ ಮಾತ್ರ ಸಂಬಂಧಿಸಿದ್ದು. ನಗರದ ಮಕ್ಕಳು ಇದರಲ್ಲಿ ಇಲ್ಲ. 2024ರ ಸುತ್ತಿನಲ್ಲಿ 605 ಜಿಲ್ಲೆಗಳ 17,997 ಹಳ್ಳಿಗಳಿಗೆ ಹೋಗಿ, 3ರಿಂದ 16 ವರ್ಷದೊಳಗಿನ 6,49,491 ಮಕ್ಕಳನ್ನು ತಲುಪಿದರು. ಆರೂವರೆ ಲಕ್ಷ ಎಂಬ ಮಾತೇ ಕೇಳುವವರ ಬಾಯಿ ಕಟ್ಟಿಸುತ್ತದೆ. ಆದರೆ ಸಮೀಕ್ಷೆಯ ಬಲ ಎಣಿಕೆಯ ದೊಡ್ಡತನಕ್ಕಿಂತ ಆಯ್ಕೆಯ ರೀತಿಯಲ್ಲಿ ಇರುತ್ತದೆ. ಸಾರು ಹದವಾಗಿದೆಯೇ ಎಂದು ನೋಡಲು ಒಂದು ಚಮಚ ಸಾಕು, ಪಾತ್ರೆಯನ್ನು ಚೆನ್ನಾಗಿ ಕಲಕಿದ್ದರೆ. ಕಲಕದೆ ಮೇಲಿನ ತಿಳಿಯನ್ನೇ ಹತ್ತು ಬಟ್ಟಲು ಕುಡಿದರೂ ತಳದ ಉಪ್ಪು ಗೊತ್ತಾಗುವುದಿಲ್ಲ.

ಅಸರ್ ಕಲಕುವುದು ಎರಡು ಹಂತದಲ್ಲಿ. ಮೊದಲು ಪ್ರತಿ ಗ್ರಾಮೀಣ ಜಿಲ್ಲೆಯಿಂದ 30 ಹಳ್ಳಿ, ಆಮೇಲೆ ಪ್ರತಿ ಹಳ್ಳಿಯಿಂದ 20 ಮನೆ. ಅಂದರೆ ಜಿಲ್ಲೆಗೆ 600 ಮನೆ. ಹಳ್ಳಿಗಳ ಪಟ್ಟಿ 2011ರ ಜನಗಣತಿಯದು. ಆ ಪಟ್ಟಿಯಿಂದ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ, ಆದರೆ ಎಲ್ಲ ಹಳ್ಳಿಗೂ ಒಂದೊಂದೇ ಚೀಟಿ ಅಲ್ಲ. ದೊಡ್ಡ ಹಳ್ಳಿಗೆ ಹೆಚ್ಚು ಚೀಟಿ, ಸಣ್ಣದಕ್ಕೆ ಕಡಿಮೆ. ಎಷ್ಟು ಮನೆಯೋ ಅಷ್ಟು ಚೀಟಿ. ಇದನ್ನು ಗಾತ್ರಕ್ಕೆ ತಕ್ಕ ಸಂಭವನೀಯತೆ ಎನ್ನುತ್ತಾರೆ.

ಇಲ್ಲಿ ಅಕ್ಕ ತಕರಾರು ತೆಗೆದಳು. “ದೊಡ್ಡೂರಿಗೇ ಹೆಚ್ಚು ಅವಕಾಶ ಅಂದ್ರೆ ಅದು ಮೋಸ ಅಲ್ವಾ? ಸಣ್ಣ ಹಾಡಿ, ತಾಂಡಾ ಎಲ್ಲಾ ಬಿಟ್ಟುಹೋಗಲ್ವಾ?”

ಒಂದು ಲೆಕ್ಕ ಹಾಕಿ ನೋಡಿದೆವು. ಜಿಲ್ಲೆಯಲ್ಲಿ ಒಟ್ಟು 2,00,000 ಗ್ರಾಮೀಣ ಮನೆಗಳಿವೆ ಎಂದುಕೊಳ್ಳಿ. ದೊಡ್ಡೂರಿನಲ್ಲಿ 1,000 ಮನೆ, ಚಿಕ್ಕೂರಿನಲ್ಲಿ 100 ಮನೆ. ಮೂವತ್ತು ಹಳ್ಳಿ ಆರಿಸುವಾಗ ದೊಡ್ಡೂರು ಸಿಗುವ ಸಾಧ್ಯತೆ ಶೇ. 15, ಚಿಕ್ಕೂರು ಸಿಗುವ ಸಾಧ್ಯತೆ ಶೇ. 1.5. ಇಲ್ಲಿಗೆ ನಿಲ್ಲಿಸಿದರೆ ಅಕ್ಕನ ಮಾತು ಸರಿ. ಆದರೆ ಊರು ಸಿಕ್ಕ ಮೇಲೆ ಎರಡೂ ಕಡೆ ಹೋಗುವುದು 20 ಮನೆಗೆ ಮಾತ್ರ. ದೊಡ್ಡೂರಿನ ಸಾವಿರದಲ್ಲಿ ಇಪ್ಪತ್ತು ಎಂದರೆ ಶೇ. 2, ಚಿಕ್ಕೂರಿನ ನೂರರಲ್ಲಿ ಇಪ್ಪತ್ತು ಎಂದರೆ ಶೇ. 20. ಎರಡು ಹಂತಗಳನ್ನು ಗುಣಿಸಿದರೆ ದೊಡ್ಡೂರಿನ ಒಂದು ಮನೆಯ ಬಾಗಿಲು ತಟ್ಟುವ ಸಾಧ್ಯತೆ ಸಾವಿರಕ್ಕೆ 3. ಚಿಕ್ಕೂರಿನ ಮನೆಗೂ ಸಾವಿರಕ್ಕೆ 3. ಮೊದಲ ಹಂತದಲ್ಲಿ ದೊಡ್ಡ ಊರಿಗೆ ಕೊಟ್ಟದ್ದನ್ನು ಎರಡನೆಯ ಹಂತ ಹಿಂದಕ್ಕೆ ತೆಗೆದುಕೊಂಡಿತು. ಜಿಲ್ಲೆಯ ಪ್ರತಿಯೊಂದು ಮನೆಗೂ ಒಂದೇ ಅವಕಾಶ ಸಿಕ್ಕಿತು. ಅಕ್ಕ ಗುಣಾಕಾರವನ್ನು ಇನ್ನೊಮ್ಮೆ ತಾನೇ ಮಾಡಿ ನೋಡಿ, ಇದನ್ನು ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ ಎಂದಳು.

ಲೆಕ್ಕ ಇಷ್ಟು ಚಂದ ಕೂಡುವುದು ಪಟ್ಟಿ ಸರಿಯಾಗಿದ್ದಾಗ ಮಾತ್ರ. 2011ರ ಪಟ್ಟಿ ಹಿಡಿದು 2024ರಲ್ಲಿ ಹೊರಟರೆ, ಈ ಹದಿಮೂರು ವರ್ಷಗಳಲ್ಲಿ ದುಪ್ಪಟ್ಟು ಬೆಳೆದ ಊರಿಗೂ ಹಳೆಯ ಗಾತ್ರದ ಚೀಟಿಯೇ ಸಿಗುತ್ತದೆ. ಅಲ್ಲಿನ ಮನೆಯ ಅವಕಾಶ ಅಷ್ಟರಮಟ್ಟಿಗೆ ತಗ್ಗುತ್ತದೆ. ಹೊಸ ಜನಗಣತಿ ನಡೆಯದೇ ಇದ್ದುದರಿಂದ ದೇಶದ ಎಷ್ಟೋ ಸಮೀಕ್ಷೆಗಳಿಗೆ ಅಂಟಿಕೊಂಡಿರುವ ದೋಷ ಇದು. ಇದು ಅಸರ್‌ನವರ ತಪ್ಪಲ್ಲ, ಆದರೆ ವರದಿ ಓದುವವರು ನೆನಪಿಡಬೇಕಾದ ಮಿತಿ.

ಹಳ್ಳಿಯೊಳಗೆ ಇಪ್ಪತ್ತು ಮನೆ ಆರಿಸುವುದು ಇದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅಲ್ಲಿ ಮನೆಗಳ ಪಟ್ಟಿಯೇ ಇರುವುದಿಲ್ಲ. ಪಟ್ಟಿ ಮಾಡಲು ಕೂತರೆ ಒಂದು ಹಳ್ಳಿಗೇ ಎರಡು ದಿನ ಬೇಕು. ಹಾಗಾಗಿ ಸ್ವಯಂಸೇವಕರು ಊರನ್ನೊಮ್ಮೆ ಸುತ್ತಿ, ನಕಾಶೆ ಬರೆದು, ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಪ್ರತಿ ಭಾಗದ ನಡುವಿನಿಂದ ಹೊರಟು, ಎಡಗಡೆಗೆ ಸಿಗುವ ಐದೈದನೆಯ ಮನೆಗೆ ಹೋಗುತ್ತಾರೆ. ಭಾಗಕ್ಕೆ ಐದು ಮನೆಯಂತೆ ನಾಲ್ಕು ಭಾಗಕ್ಕೆ ಇಪ್ಪತ್ತು. ನೋಡಲು ಇದು ಮಕ್ಕಳ ಆಟದ ನಿಯಮದಂತಿದೆ. ಅದರ ಕೆಲಸ ದೊಡ್ಡದು. ನಿಯಮ ಇಲ್ಲದಿದ್ದರೆ ಸ್ವಯಂಸೇವಕ ಬಸ್ಸಿಳಿದ ಕೂಡಲೇ ಪಂಚಾಯಿತಿ ಅಧ್ಯಕ್ಷರ ಮನೆಯಲ್ಲಿ ಟೀ ಕುಡಿದು, ಅವರು ತೋರಿಸಿದ ಬೀದಿಯಲ್ಲೇ ಇಪ್ಪತ್ತು ಮನೆ ಮುಗಿಸುತ್ತಾನೆ. ನಮ್ಮ ಊರುಗಳಲ್ಲಿ ಬೀದಿ ಎಂದರೆ ಬರೀ ಬೀದಿಯಲ್ಲ. ಅದು ಜಾತಿ, ಅದು ಜಮೀನು, ಅದು ಮನೆಯಲ್ಲಿ ಓದಿದವರು ಎಷ್ಟು ಎಂಬ ಲೆಕ್ಕ. ನಾಲ್ಕು ಭಾಗ ಮಾಡಿದಾಗ ಮಾತ್ರ ಊರಾಚೆಯ ಕೇರಿಯೂ ಮಾದರಿಯೊಳಗೆ ಬರುತ್ತದೆ.

ಹಾಗಿದ್ದೂ ಬಾರದವರು ಯಾರು? ಬೀಗ ಹಾಕಿದ ಮನೆ ಸಿಕ್ಕಿದರೆ ಸಮೀಕ್ಷಕರು ಪಕ್ಕದ ಮನೆಗೆ ಹೋಗುತ್ತಾರೆ. ಕಬ್ಬು ಕಡಿಯಲೋ ಇಟ್ಟಿಗೆ ಗೂಡಿಗೋ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋದವರ ಮನೆಗೇ ಬೀಗ ಬಿದ್ದಿರುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು ಓದುವ ಮಕ್ಕಳೂ ಮನೆಯಲ್ಲಿ ಸಿಗುವುದಿಲ್ಲ. ಓದಿನಲ್ಲಿ ತೀರಾ ಹಿಂದುಳಿಯುವ ಸಾಧ್ಯತೆ ಇರುವ ಒಂದು ಗುಂಪು, ಪರೀಕ್ಷೆ ಬರೆದು ಆಯ್ಕೆಯಾದ ಇನ್ನೊಂದು ಗುಂಪು, ಎರಡೂ ಲೆಕ್ಕದಿಂದ ಜಾರುತ್ತವೆ. ಆದರೆ ಮನೆಗೇ ಹೋಗುವುದರಿಂದ ಒಂದು ದೊಡ್ಡ ಲಾಭವಿದೆ. ಆವತ್ತು ಶಾಲೆಗೆ ಚಕ್ಕರ್ ಹೊಡೆದ ಹುಡುಗ, ಶಾಲೆ ಬಿಟ್ಟ ಹುಡುಗಿ, ಖಾಸಗಿ ಶಾಲೆಯ ವ್ಯಾನು ಹತ್ತುವ ಮಗು, ಎಲ್ಲರೂ ಒಂದೇ ಜಗುಲಿಯ ಮೇಲೆ ಸಿಗುತ್ತಾರೆ.

ಇನ್ನು ಕೇಳುವುದೇನು? 5ರಿಂದ 16 ವರ್ಷದ ಪ್ರತಿ ಮಗುವಿಗೂ ಒಂದೇ ಹಾಳೆ, ತರಗತಿ ಯಾವುದಾದರೂ ಸರಿ. ಅದರಲ್ಲಿ ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ ಇರುತ್ತವೆ. ಮಗು ಮೊದಲು ನಾಲ್ಕು ವಾಕ್ಯ ಓದಬೇಕು. ಸರಾಗವಾಗಿ ಓದಿದರೆ ಕಥೆ ಕೊಡುತ್ತಾರೆ. ತಡವರಿಸಿದರೆ ಪದಕ್ಕೆ, ಅದೂ ಆಗದಿದ್ದರೆ ಅಕ್ಷರಕ್ಕೆ ಇಳಿಯುತ್ತಾರೆ. ಮಗು ನಿಂತ ಅತಿ ಎತ್ತರದ ಮೆಟ್ಟಿಲನ್ನು ಬರೆದುಕೊಳ್ಳುತ್ತಾರೆ. ತಲೆಬರಹದ 23.4 ಎಂದರೆ ಕೊನೆಯ ಮೆಟ್ಟಿಲಾದ ಕಥೆಯವರೆಗೆ ಹತ್ತಿದವರು.

ಇಷ್ಟು ತಿಳಿದರೆ ಒಂದು ಸಾಮಾನ್ಯ ತಪ್ಪು ತಾನೇ ಕಳಚಿಬೀಳುತ್ತದೆ. ‘ಶೇ. 77 ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ಬರೆಯುವವರಿದ್ದಾರೆ. ವರದಿ ಹಾಗೆ ಹೇಳುವುದಿಲ್ಲ. ಉಳಿದ 77ರಲ್ಲಿ ನಾಲ್ಕು ವಾಕ್ಯ ಸಲೀಸಾಗಿ ಓದಿ ಕಥೆಯ ನಡುವೆ ಮುಗ್ಗರಿಸಿದ ಮಗುವೂ ಇದೆ, ಒಂದಕ್ಷರ ಗುರುತಿಸದ ಮಗುವೂ ಇದೆ. ಟೀಚರಿಗೆ ಇವರಿಬ್ಬರೂ ಒಂದೇ ಅಲ್ಲ. ಒಬ್ಬರಿಗೆ ಕಥೆ ಪುಸ್ತಕ ಬೇಕು, ಇನ್ನೊಬ್ಬರಿಗೆ ಕಾಗುಣಿತ ಬೇಕು. ಇನ್ನೊಂದು ಕಡೆಯಿಂದ, ಕಥೆ ಓದಿದ ಮಗುವಿಗೆ ಕಥೆ ಅರ್ಥವಾಯಿತೇ ಎಂಬುದನ್ನೂ ಈ ಅಂಕಿ ಹೇಳುವುದಿಲ್ಲ. ಅದು ಅಳೆಯುವುದು ಗಟ್ಟಿಯಾಗಿ, ಸರಾಗವಾಗಿ ಓದುವುದನ್ನು.

ಈಗ ಅಂಕಿಗಳಿಗೆ ಬರೋಣ. ಸರ್ಕಾರಿ ಶಾಲೆಯ ಮೂರನೆಯ ತರಗತಿಯಲ್ಲಿ ಕಥೆ ಓದಿದವರು 2018ರಲ್ಲಿ ಶೇ. 20.9, ಕೋವಿಡ್ ನಂತರದ 2022ರಲ್ಲಿ 16.3, 2024ರಲ್ಲಿ 23.4. ಎರಡು ವರ್ಷದಲ್ಲಿ 7.1 ಅಂಶದ ಏರಿಕೆ. ಇದನ್ನೇ ‘ಶೇ. 44 ಪ್ರಗತಿ’ ಎಂದು ಬರೆದರೂ ಗಣಿತ ತಪ್ಪಲ್ಲ, ಏಕೆಂದರೆ ಹದಿನಾರಕ್ಕೆ ಏಳು ಸೇರಿದೆ. ಆದರೆ ಕೇಳಿದವರು ನೂರರಲ್ಲಿ ನಲವತ್ತನಾಲ್ಕು ಮಕ್ಕಳು ಹೊಸದಾಗಿ ಓದಲು ಕಲಿತರು ಎಂದುಕೊಳ್ಳುತ್ತಾರೆ. ನಿಜಕ್ಕೂ ಹೆಚ್ಚಿದ್ದು ನೂರಕ್ಕೆ ಏಳು. ಅದರಲ್ಲೂ ಬಹುಪಾಲು ಬಿದ್ದ ಹಳ್ಳದಿಂದ ಮೇಲೆದ್ದದ್ದು. 2018ರ ದಡಕ್ಕಿಂತ ಮೇಲೆ ಹೋದದ್ದು ಎರಡೂವರೆ ಅಂಶ.

ಇನ್ನೂ ಒಂದು ಸೂಕ್ಷ್ಮವಿದೆ. ಈ ಮೂರು ವರ್ಷಗಳ ಸರ್ಕಾರಿ ಶಾಲೆ ಒಂದೇ ಸರ್ಕಾರಿ ಶಾಲೆಯಲ್ಲ. 6ರಿಂದ 14 ವರ್ಷದ ಗ್ರಾಮೀಣ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರು 2018ರಲ್ಲಿ ಶೇ. 65.6 ಇದ್ದರು. ಕೋವಿಡ್ ಕಾಲದಲ್ಲಿ ಫೀಜು ಕಟ್ಟಲಾಗದೆ, ಮುಚ್ಚಿದ ಕಾನ್ವೆಂಟಿನಿಂದ ಮಕ್ಕಳು ಸರ್ಕಾರಿ ಶಾಲೆಗೆ ಬಂದು 2022ರಲ್ಲಿ ಅದು 72.9 ಆಯಿತು. 2024ರಲ್ಲಿ ಮತ್ತೆ 66.8ಕ್ಕೆ ಇಳಿಯಿತು. ತರಗತಿಗೆ ಯಾರು ಬಂದರು, ಯಾರು ಹೋದರು ಎಂಬುದರಿಂದಲೇ ಸರಾಸರಿ ಏರಿಳಿಯಬಹುದು, ಕಲಿಸುವಿಕೆ ಒಂದಿಷ್ಟೂ ಬದಲಾಗದೆ. ಇದನ್ನು ದಾಟುವ ದಾರಿ ಎಂದರೆ ಸರ್ಕಾರಿ, ಖಾಸಗಿ ಎಂದು ಒಡೆಯದೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ನೋಡುವುದು. ಹಾಗೆ ನೋಡಿದರೆ ಮೂರನೆಯ ತರಗತಿಯ ಅಂಕಿ 2018ರಲ್ಲಿ ಶೇ. 27.3, 2022ರಲ್ಲಿ 20.5, 2024ರಲ್ಲಿ 27.1. ಒಟ್ಟು ಗ್ರಾಮೀಣ ಭಾರತ ಬಿದ್ದಲ್ಲಿಂದ ಎದ್ದು ಹಳೆಯ ಜಾಗಕ್ಕೆ ಮರಳಿದೆ, ಅಷ್ಟೇ. ಸರ್ಕಾರಿ ಶಾಲೆಗಳು ಹಳೆಯ ಮಟ್ಟವನ್ನು ದಾಟಿವೆ, ಖಾಸಗಿಯವು ಇನ್ನೂ ಮುಟ್ಟಿಲ್ಲ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ಈ ಮಾತು ಕಾಣುವುದು.

ಈಗ ಅಕ್ಕನ ಹದಿನಾಲ್ಕು ಮಕ್ಕಳು. ಆರೂವರೆ ಲಕ್ಷ ಮಕ್ಕಳನ್ನು ಹದಿನೆಂಟು ಸಾವಿರ ಹಳ್ಳಿಗೆ ಹಂಚಿದರೆ ಹಳ್ಳಿಗೆ ಮೂವತ್ತಾರು. ಅವರು ಹದಿನಾಲ್ಕು ವಯಸ್ಸುಗಳಲ್ಲಿ ಹರಡಿದ್ದಾರೆ. ಅಂದರೆ ಒಂದು ಹಳ್ಳಿಯಲ್ಲಿ ಮೂರನೆಯ ತರಗತಿಯ ಎರಡೋ ಮೂರೋ ಮಕ್ಕಳು ಸಿಕ್ಕಿರುತ್ತಾರೆ. ಅಕ್ಕನ ಊರು ಆಯ್ಕೆಯಾಗಿದ್ದರೂ ಸಮೀಕ್ಷೆಗೆ ಅವಳ ಶಾಲೆಯ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಜಿಲ್ಲೆಯ ಮಟ್ಟಕ್ಕೆ ಏರಿದರೆ ಒಂದು ತರಗತಿಗೆ ಸುಮಾರು 75 ಮಕ್ಕಳು. ಅಷ್ಟು ಜನರಿಂದ ಬಂದ ‘ಶೇ. 25’ ಎಂಬ ಅಂಕಿಗೆ ಎರಡೂ ಕಡೆ ಹತ್ತತ್ತು ಅಂಶದ ಅಲುಗಾಟ ಇರುತ್ತದೆ. ನಿಜವಾದದ್ದು 15 ಇರಬಹುದು, 35 ಇರಬಹುದು. ಅಸರ್ ಜಿಲ್ಲಾ ಮಟ್ಟದಲ್ಲಿ ಒಂದೊಂದೇ ತರಗತಿಯ ಅಂಕಿ ಕೊಡದೆ ಮೂರರಿಂದ ಐದು, ಆರರಿಂದ ಎಂಟು ಎಂದು ಒಟ್ಟುಗೂಡಿಸಿ ಕೊಡುವುದು ಇದೇ ಕಾರಣಕ್ಕೆ. ಮೂವತ್ತು ಜಿಲ್ಲೆಗಳ ರಾಜ್ಯವಾದರೆ ತರಗತಿಗೆ ಎರಡು ಸಾವಿರದಷ್ಟು ಮಕ್ಕಳು ಸೇರುತ್ತಾರೆ, ಅಲುಗಾಟ ಎರಡು ಅಂಶದ ಆಸುಪಾಸಿಗೆ ಇಳಿಯುತ್ತದೆ. ಒಂದೇ ಊರಿನ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ನಿಜವಾದ ಅಲುಗಾಟ ಈ ಲೆಕ್ಕಕ್ಕಿಂತ ತುಸು ಹೆಚ್ಚೇ. ಹಾಗಾಗಿ ಎರಡು ರಾಜ್ಯಗಳ ನಡುವೆ ಒಂದು ಅಂಶದ ವ್ಯತ್ಯಾಸ ನೋಡಿ ಇವರು ಮುಂದೆ, ಅವರು ಹಿಂದೆ ಎಂದು ಸಾಲು ನಿಲ್ಲಿಸುವುದಕ್ಕೆ ಅರ್ಥವಿಲ್ಲ. ಜಿಲ್ಲೆಗಳನ್ನು ಹಾಗೆ ಸಾಲು ನಿಲ್ಲಿಸುವುದಂತೂ ಚೀಟಿ ಎತ್ತಿ ಬಹುಮಾನ ಕೊಟ್ಟಂತೆ.

ಸಭೆಯಲ್ಲಿ ಯಾರಾದರೂ ಎದ್ದು ನಿಂತು ಇನ್ನೊಂದು ಸಮೀಕ್ಷೆಯ ಮಾತು ಎತ್ತಿಯೇ ಎತ್ತುತ್ತಾರೆ ಎಂದು ಅಕ್ಕನನ್ನು ಎಚ್ಚರಿಸಿದೆ. 2024ರ ಡಿಸೆಂಬರ್ 4ರಂದು ಕೇಂದ್ರ ಸರ್ಕಾರದ ಪರಖ್ ಸಮೀಕ್ಷೆ ನಡೆದಿತ್ತು. ಅದರ ಫಲಿತಾಂಶ ಮುಂದೆ ಹೊರಬಂದಾಗ ಮೂರನೆಯ ತರಗತಿಯ ಭಾಷೆಯ ಸರಾಸರಿ ಶೇ. 64 ಎಂದಿತ್ತು. ಒಂದರಲ್ಲಿ 27, ಇನ್ನೊಂದರಲ್ಲಿ 64. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಹಲವರು ಜಗಳಕ್ಕಿಳಿದರು. ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು: ಯಾವ ನೂರು? ಅಸರ್‌ನ ನೂರು ಮಕ್ಕಳದು. ನೂರು ಮಕ್ಕಳಲ್ಲಿ ಇಪ್ಪತ್ತೇಳು ಮಂದಿ ಕಥೆ ಓದಿದರು. ಪರಖ್‌ನ ನೂರು ಪ್ರಶ್ನೆಗಳದು; ನೂರು ಪ್ರಶ್ನೆ ಕೇಳಿದರೆ ಸರಾಸರಿ ಅರವತ್ತನಾಲ್ಕಕ್ಕೆ ಸರಿ ಉತ್ತರ ಬಂತು. ಪರಖ್ ನಡೆದದ್ದು ಆವತ್ತು ಶಾಲೆಗೆ ಬಂದ ಮಕ್ಕಳ ನಡುವೆ, ನಗರದ ಶಾಲೆಗಳನ್ನೂ ಸೇರಿಸಿಕೊಂಡು, ಆಯ್ಕೆಯ ಉತ್ತರಗಳಿರುವ ಪ್ರಶ್ನೆಗಳಿಂದ. ಸೇರಿನಲ್ಲಿ ಅಳೆದದ್ದನ್ನೂ ಮೊಳದಲ್ಲಿ ಅಳೆದದ್ದನ್ನೂ ಹೋಲಿಸಿ ಯಾವುದು ಹೆಚ್ಚು ಎಂದು ಕೇಳಿದರೆ ಉತ್ತರವಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ, ಅಕ್ಕನೂ ಅದನ್ನೇ ಎತ್ತಿದಳು. ನನ್ನ ಶಾಲೆಯ ಬಗ್ಗೆ ಒಂದಕ್ಷರ ಹೇಳದ ವರದಿಯಿಂದ ನನಗೇನು ಪ್ರಯೋಜನ? ಇದು ಸಚಿವರಿಗೆ, ಆಯುಕ್ತರಿಗೆ ಬೇಕಾದ ಕಾಗದ ಅಲ್ಲವೇ?

ಅಂಕಿಯ ಮಟ್ಟಿಗೆ ಹೌದು. 23.4 ಎಂಬುದು ವ್ಯವಸ್ಥೆಗೆ ಹಿಡಿದ ಕನ್ನಡಿ. ಅದನ್ನು ಒಬ್ಬ ಟೀಚರಿನ ಮುಖಕ್ಕೆ ಹಿಡಿಯುವ ಅಧಿಕಾರಿ ಮಾದರಿ ಆಯ್ಕೆಯ ಅಧ್ಯಾಯವನ್ನು ಓದಿಲ್ಲ ಎಂದೇ ಅರ್ಥ. ಆದರೆ ಅಂಕಿ ಹುಟ್ಟಿಸಿದ ಆ ಒಂದು ಹಾಳೆ ಟೀಚರಿಗೇ ಹೆಚ್ಚು ಉಪಯೋಗದ್ದು. ಮಾದರಿ ಆಯ್ಕೆಯ ಗೊಡವೆ ಇರುವುದು ಎಲ್ಲರನ್ನೂ ಕೇಳಲಾಗದವರಿಗೆ. ಅಕ್ಕ ತನ್ನ ಹದಿನಾಲ್ಕು ಮಕ್ಕಳನ್ನೂ ಕೇಳಬಲ್ಲಳು. ಒಂದು ಮಗುವಿಗೆ ಐದು ನಿಮಿಷದಂತೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಅವಳ ಅಂಕಿಗೆ ಅಲುಗಾಟ ಇಲ್ಲ, ಏಕೆಂದರೆ ಅವಳದು ಮಾದರಿಯಲ್ಲ, ಇಡೀ ಪಾತ್ರೆ. ಮತ್ತು ಅವಳ ಬಳಿ ಅಂಕಿಯ ಬದಲು ಹೆಸರುಗಳಿರುತ್ತವೆ: ಯಾರು ಕಥೆಯಲ್ಲಿದ್ದಾರೆ, ಯಾರು ಪದದಲ್ಲಿ ನಿಂತಿದ್ದಾರೆ, ಯಾರು ಒತ್ತಕ್ಷರ ಬಂದಾಗ ಕಣ್ಣು ತಪ್ಪಿಸುತ್ತಾರೆ.

ಕೊನೆಗೆ ಸಭೆಗೆಂದು ನಾವಿಬ್ಬರೂ ಸೇರಿ ಬರೆದ ಅರ್ಧ ಪುಟ ಹೀಗಿತ್ತು:

“ಅಸರ್ 2024 ಗ್ರಾಮೀಣ ಭಾರತದ ಮನೆಗಳಲ್ಲಿ ನಡೆದ ಸಮೀಕ್ಷೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ದೊಡ್ಡ, ಸಣ್ಣ ಊರೆನ್ನದೆ ಜಿಲ್ಲೆಯ ಪ್ರತಿ ಮನೆಗೂ ಸಮಾನ ಅವಕಾಶ ಸಿಗುವಂತೆ ಆಯ್ಕೆ. ಹಳ್ಳಿಗಳ ಪಟ್ಟಿ 2011ರದು. ಹಾಸ್ಟೆಲಿನ ಮಕ್ಕಳು, ಗುಳೆ ಹೋದವರು ಇದರಲ್ಲಿ ಇಲ್ಲ. ಪ್ರತಿ ಮಗುವಿನಿಂದ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸಿದ್ದಾರೆ. ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಕಥೆ ಓದಿದವರು ಎಲ್ಲ ಶಾಲೆ ಸೇರಿ ನೂರಕ್ಕೆ 27, ಸರ್ಕಾರಿ ಶಾಲೆಯಲ್ಲಿ 23. ಇದು 2022ಕ್ಕಿಂತ ಸ್ಪಷ್ಟವಾಗಿ ಮೇಲು. ಒಟ್ಟಾರೆ 2018ರ ಮಟ್ಟಕ್ಕೆ ಮರಳಿದ್ದೇವೆ, ಸರ್ಕಾರಿ ಶಾಲೆಗಳು ಸ್ವಲ್ಪ ದಾಟಿವೆ. ಈ ಅಂಕಿ ದೇಶಕ್ಕೆ ಮತ್ತು ರಾಜ್ಯಕ್ಕೆ ನಂಬಲರ್ಹ, ಜಿಲ್ಲೆಗೆ ಅಂದಾಜು, ಶಾಲೆಗೆ ಅನ್ವಯಿಸುವುದಿಲ್ಲ.”

ಕೊನೆಯ ವಾಕ್ಯಕ್ಕೆ ಅಕ್ಕ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಳು. ಸಮೀಕ್ಷೆಯ ಸಂಕ್ಷೇಪ ಬರೆಯುವ ಪತ್ರಕರ್ತರು, ಅದನ್ನು ಸುತ್ತೋಲೆಯಾಗಿ ಕಳಿಸುವ ಅಧಿಕಾರಿಗಳು ಇಂಥ ಒಂದು ವಾಕ್ಯವನ್ನು ಸೇರಿಸಲಿ: ಈ ಅಂಕಿ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲುವುದಿಲ್ಲ ಎಂದು. ಆ ವಾಕ್ಯವಿಲ್ಲದ ಸಂಕ್ಷೇಪವನ್ನು ಯಾವ ಟೀಚರೂ ತನ್ನ ಮೇಲಿನ ತೀರ್ಪು ಎಂದು ಒಪ್ಪಿಕೊಳ್ಳಬೇಕಾಗಿಲ್ಲ.